ಲಿಂಕಿನ ಮುಖ ಕಳಿಸುವವರ ಫೋನಿನಲ್ಲಿ

*ವಾಟ್ಸಾಪ್‌ನಲ್ಲಿ ಅಂಗಡಿಯ ಲಿಂಕ್ ಹಾಕಿದಾಗ ಒಮ್ಮೆ ಚಿತ್ರ ಬರುತ್ತದೆ, ಒಮ್ಮೆ ಬರುವುದಿಲ್ಲ. ಒಮ್ಮೆ ಕನ್ನಡ ನೆಟ್ಟಗಿರುತ್ತದೆ, ಒಮ್ಮೆ ವಿಚಿತ್ರ ಅಕ್ಷರಗಳ ಸಾಲು. ಇದು ಅದೃಷ್ಟದ ಮಾತಲ್ಲ. ಆ ಕಾರ್ಡ್ ಎಲ್ಲಿ, ಯಾವಾಗ ತಯಾರಾಗುತ್ತದೆ ಎಂಬುದು ಗೊತ್ತಾದರೆ ಉಳಿದದ್ದೆಲ್ಲ ಬಿಡಿಸಿಕೊಳ್ಳುತ್ತದೆ.*

ಒಂದೇ ವಾಟ್ಸಾಪ್ ಗುಂಪಿಗೆ ಇಬ್ಬರು ಸೀರೆ ವ್ಯಾಪಾರಿಗಳು ತಂತಮ್ಮ ವೆಬ್‌ಸೈಟಿನ ಲಿಂಕ್ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಒಬ್ಬರ ಲಿಂಕಿನ ಮೇಲೆ ಕೆಂಪು ಸೆರಗಿನ ಅಗಲವಾದ ಚಿತ್ರ, ಅದರ ಕೆಳಗೆ ಸೀರೆಯ ಹೆಸರು, ಒಂದು ಸಾಲಿನ ವಿವರ. ಇನ್ನೊಬ್ಬರದು ಬರೀ ನೀಲಿ ಬಣ್ಣದ ಉದ್ದನೆಯ ಲಿಂಕ್. ಹೆಚ್ಚೆಂದರೆ ಅದರ ಮೇಲೆ `Home` ಎಂಬ ಒಂದು ಪದ. ಇಬ್ಬರ ಸೀರೆಯೂ ಒಂದೇ ಮಗ್ಗದ್ದಿರಬಹುದು, ಇಬ್ಬರ ವೆಬ್‌ಸೈಟೂ ತೆರೆದು ನೋಡಿದರೆ ಚೆನ್ನಾಗಿಯೇ ಇರಬಹುದು. ಆದರೆ ಗುಂಪಿನಲ್ಲಿರುವವರು ತೆರೆದು ನೋಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಆ ಕಾರ್ಡನ್ನು ನೋಡಿಯೇ.

ಈ ವ್ಯತ್ಯಾಸಕ್ಕೆ ವಾಟ್ಸಾಪ್ ಕಾರಣವಲ್ಲ, ನೆಟ್‌ವರ್ಕ್ ಕೂಡ ಬಹುಪಾಲು ಕಾರಣವಲ್ಲ. ಪುಟದ ಒಳಗೆ, ಓದುಗರ ಕಣ್ಣಿಗೆ ಬೀಳದ ಜಾಗದಲ್ಲಿ ಐದಾರು ಸಾಲುಗಳಿರಬೇಕು. ಮೊದಲನೆಯವರ ಪುಟದಲ್ಲಿ ಅವು ಇವೆ, ಎರಡನೆಯವರದರಲ್ಲಿ ಇಲ್ಲ ಅಥವಾ ತಪ್ಪಾಗಿವೆ.

ಕಾರ್ಡ್ ಎಲ್ಲಿ ತಯಾರಾಗುತ್ತದೆ?

ಲಿಂಕ್ ತಲುಪಿದ ಮೇಲೆ ಗಿರಾಕಿಯ ಫೋನೇ ವೆಬ್‌ಸೈಟಿಗೆ ಹೋಗಿ ಚಿತ್ರ ತಂದು ತೋರಿಸುತ್ತದೆ ಎಂದು ಬಹಳ ಜನ ತಿಳಿದಿರುತ್ತಾರೆ. ವಾಟ್ಸಾಪ್‌ನಲ್ಲಿ ನಡೆಯುವುದು ಇದರ ತಿರುಗುಮುರುಗು. ನೀವು ಲಿಂಕನ್ನು ಬರೆಯುವ ಜಾಗಕ್ಕೆ ಪೇಸ್ಟ್ ಮಾಡಿದ ಕೂಡಲೇ *ನಿಮ್ಮ* ಫೋನು ಆ ಪುಟವನ್ನು ತರಿಸಿಕೊಳ್ಳುತ್ತದೆ. ಅದರಲ್ಲಿರುವ ಶೀರ್ಷಿಕೆ, ವಿವರ, ಚಿತ್ರದ ವಿಳಾಸ ಇಷ್ಟನ್ನು ಹೆಕ್ಕಿ ಚಿತ್ರವನ್ನೂ ಇಳಿಸಿಕೊಂಡು ಕಾರ್ಡ್ ಕಟ್ಟುತ್ತದೆ. ಕಳಿಸುವ ಗುಂಡಿ ಒತ್ತಿದಾಗ ಆ ಕಾರ್ಡ್ ಸಂದೇಶದ ಭಾಗವಾಗಿಯೇ ಹೋಗುತ್ತದೆ. ಗಿರಾಕಿಯ ಫೋನು ತನಗೆ ಬಂದದ್ದನ್ನು ತೋರಿಸುತ್ತದೆ, ಅಷ್ಟೆ. ಅವರು ಲಿಂಕನ್ನು ಒತ್ತುವವರೆಗೆ ನಿಮ್ಮ ವೆಬ್‌ಸೈಟಿಗೂ ಅವರಿಗೂ ಸಂಪರ್ಕವೇ ಇರುವುದಿಲ್ಲ.

ಹೀಗಿರುವುದಕ್ಕೆ ಕಾರಣವಿದೆ. ವಾಟ್ಸಾಪ್ ಸಂದೇಶಗಳು ಕಳಿಸುವವರ ಫೋನಿನಲ್ಲಿ ಬೀಗ ಹಾಕಿಸಿಕೊಂಡು ಪಡೆಯುವವರ ಫೋನಿನಲ್ಲೇ ತೆರೆದುಕೊಳ್ಳುತ್ತವೆ. ನಡುವಿನ ಸರ್ವರ್‌ಗೆ ಅದರಲ್ಲಿ ಯಾವ ಲಿಂಕ್ ಇದೆ ಎಂದು ಗೊತ್ತಾಗಬಾರದು. ಹಾಗಾಗಿ ಪುಟವನ್ನು ನೋಡಿ ಬರುವ ಕೆಲಸ ಕಳಿಸುವವರ ಫೋನಿನ ಪಾಲಿಗೆ ಬಿದ್ದಿದೆ. ಟೆಲಿಗ್ರಾಮ್‌ನ ಸಾಮಾನ್ಯ ಚಾಟ್‌ನಲ್ಲಿ ಈ ಕೆಲಸವನ್ನು ಅದರ ಸರ್ವರ್ ಮಾಡುತ್ತದೆ, ಒಮ್ಮೆ ಕಟ್ಟಿದ ಕಾರ್ಡನ್ನು ಇಟ್ಟುಕೊಂಡು ಎಲ್ಲರಿಗೂ ಅದನ್ನೇ ಕೊಡುತ್ತದೆ. ಫೇಸ್‌ಬುಕ್ಕಿನದೂ ಸರ್ವರ್ ದಾರಿಯೇ.

ಇಲ್ಲಿಂದ ಹೊರಡುವ ಪರಿಣಾಮಗಳನ್ನು ಗಮನಿಸಿ. ಪೇಸ್ಟ್ ಮಾಡಿದ ಮರುಕ್ಷಣವೇ ಅವಸರದಲ್ಲಿ ಕಳಿಸಿಬಿಟ್ಟರೆ, ಫೋನಿಗೆ ಪುಟ ತರಿಸಿಕೊಳ್ಳಲು ಸಮಯವಿರದೆ ಲಿಂಕ್ ಬೋಳಾಗಿ ಹೋಗುತ್ತದೆ. ಹಳ್ಳಿಯ ನಿಧಾನದ ನೆಟ್‌ವರ್ಕಿನಲ್ಲಿ, ಭಾರದ ಪುಟವಿದ್ದರೆ, ಇದು ದಿನನಿತ್ಯದ ಸಂಗತಿ. ಕಳಿಸುವವರು ಪ್ರೈವಸಿ ಸೆಟ್ಟಿಂಗ್‌ನಲ್ಲಿ ಲಿಂಕ್ ಪ್ರಿವ್ಯೂವನ್ನು ನಿಲ್ಲಿಸಿಕೊಂಡಿದ್ದರೂ ಕಾರ್ಡ್ ಮೂಡುವುದಿಲ್ಲ. ತಮ್ಮ ಫೋನಿನ ಐಪಿ ವಿಳಾಸ ಕಂಡ ಕಂಡ ವೆಬ್‌ಸೈಟಿಗೆ ಗೊತ್ತಾಗಬಾರದು ಎನ್ನುವವರಿಗಾಗಿ ಇರುವ ಆಯ್ಕೆ ಅದು. ಎಲ್ಲಕ್ಕಿಂತ ಮುಖ್ಯವಾದದ್ದು: ಒಮ್ಮೆ ಹೋದ ಕಾರ್ಡನ್ನು ನಿಮ್ಮ ವೆಬ್‌ಸೈಟಿನಿಂದ ತಿದ್ದಲಾಗದು. ನಾಳೆ ನೀವು ಚಿತ್ರ ಬದಲಿಸಿದರೂ ನಿನ್ನೆ ಹೋದ ಸಂದೇಶದಲ್ಲಿ ಹಳೆಯ ಚಿತ್ರವೇ ಇರುತ್ತದೆ. ಅದನ್ನು ಯಾರಾದರೂ ಮುಂದಕ್ಕೆ ಫಾರ್ವರ್ಡ್ ಮಾಡಿದರೆ ಅದೇ ಹಳೆಯ ಕಾರ್ಡ್ ಊರೆಲ್ಲ ಸುತ್ತುತ್ತದೆ.

ಪುಟದ ತಲೆಯಲ್ಲಿ ಇರಬೇಕಾದ ಸಾಲುಗಳು

ಫೋನು ಪುಟದಲ್ಲಿ ಹುಡುಕುವ ಸಾಲುಗಳಿಗೆ ಓಪನ್ ಗ್ರಾಫ್ ಟ್ಯಾಗ್ ಎಂದು ಹೆಸರು. 2010ರಲ್ಲಿ ಫೇಸ್‌ಬುಕ್ ತನ್ನ ಬಳಕೆಗಾಗಿ ಇದನ್ನು ತಂದಿತು. ಆಮೇಲೆ ಮೆಸೇಜಿಂಗ್ ಆ್ಯಪ್‌ಗಳೂ ಹೊಸದೊಂದನ್ನು ಹುಟ್ಟುಹಾಕದೆ ಇದನ್ನೇ ಓದತೊಡಗಿದವು. ಹೀಗಾಗಿ ಒಂದು ಸಲ ಸರಿಯಾಗಿ ಬರೆದಿಟ್ಟರೆ ವಾಟ್ಸಾಪ್, ಟೆಲಿಗ್ರಾಮ್, ಸಿಗ್ನಲ್, ಲಿಂಕ್ಡ್‌ಇನ್ ಎಲ್ಲಕ್ಕೂ ಬಹುತೇಕ ಅದೇ ಸಾಕು.

ಇಳಕಲ್ ಸೀರೆ ಮಾರುವ ಒಂದು ಅಂಗಡಿಯ ಪುಟವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಟೋಪ್ ತೆನಿ ಸೆರಗಿನ ಸೀರೆಗಳನ್ನು ತೋರಿಸುವ ಪುಟ ಅದು. ಅದರ ಎಚ್‌ಟಿಎಮ್‌ಎಲ್‌ನ `<head>` ಭಾಗದಲ್ಲಿ, ಆದಷ್ಟು ಮೇಲೆಯೇ, ಹೀಗಿರಬೇಕು:

```
<meta charset="utf-8">
<title>ಇಳಕಲ್ ಕೈಮಗ್ಗದ ಸೀರೆ: ಟೋಪ್ ತೆನಿ ಸೆರಗು</title>
<meta property="og:type" content="website">
<meta property="og:title" content="ಇಳಕಲ್ ಕೈಮಗ್ಗದ ಸೀರೆ: ಟೋಪ್ ತೆನಿ ಸೆರಗು">
<meta property="og:description" content="ಗೋಮಿ, ಗಾಡಿ ದಡಿಗಳಲ್ಲಿ. ಬಣ್ಣ ನೋಡಿ ಆರಿಸಿ.">
<meta property="og:url" content="https://example.com/sarees/tope-teni">
<meta property="og:image" content="https://example.com/img/tope-teni-1.jpg">
```

ಮೊದಲ ಸಾಲು ಅಕ್ಷರಗಳ ಸಂಕೇತ ಯಾವುದು ಎಂದು ಹೇಳುತ್ತದೆ. `og:title` ಕಾರ್ಡಿನ ದಪ್ಪಕ್ಷರದ ಸಾಲು, `og:description` ಅದರ ಕೆಳಗಿನ ತಿಳಿಬಣ್ಣದ ಸಾಲು. `og:image` ಎಂಬಲ್ಲಿ ಇರುವುದು ಚಿತ್ರವಲ್ಲ, ಚಿತ್ರದ ವಿಳಾಸ. `og:url` ಈ ಪುಟದ ಅಧಿಕೃತ ವಿಳಾಸ. `og:title` ಇಲ್ಲದಿದ್ದರೆ ಫೋನು ಮಾಮೂಲಿ `<title>` ಅನ್ನು ಎತ್ತಿಕೊಳ್ಳುತ್ತದೆ. ಎಷ್ಟೋ ಅಂಗಡಿಗಳ ಲಿಂಕಿನ ಮೇಲೆ ಅಂಗಡಿಯ ಹೆಸರಿನ ಬದಲು `Home` ಎಂದು ಕಾಣುವುದು ಇದರಿಂದಲೇ. ವೆಬ್‌ಸೈಟ್ ಮಾಡಿಕೊಟ್ಟವರು ಟೆಂಪ್ಲೇಟಿನಲ್ಲಿದ್ದ ಪದವನ್ನು ಬದಲಿಸಿರುವುದಿಲ್ಲ.

ವರ್ಡ್‌ಪ್ರೆಸ್‌ನಲ್ಲಿ ಮಾಡಿದ ಸೈಟಾದರೆ ಈ ಸಾಲುಗಳನ್ನು ಕೈಯಾರೆ ಬರೆಯಬೇಕಿಲ್ಲ. ಯೋಸ್ಟ್ ಅಥವಾ ರ‍್ಯಾಂಕ್ ಮ್ಯಾತ್‌ನಂಥ ಪ್ಲಗಿನ್‌ನಲ್ಲಿ ಪ್ರತಿ ಪುಟಕ್ಕೂ ಸೋಷಿಯಲ್ ಎಂಬ ವಿಭಾಗವಿರುತ್ತದೆ, ಅಲ್ಲಿ ಶೀರ್ಷಿಕೆಯನ್ನೂ ಚಿತ್ರವನ್ನೂ ಕೊಟ್ಟರಾಯಿತು. ಎಚ್ಚರ ವಹಿಸಬೇಕಾದದ್ದು ಒಂದೇ. ಇಂಥ ಎರಡು ಪ್ಲಗಿನ್ ಒಟ್ಟಿಗೆ ಚಾಲೂ ಇದ್ದರೆ ಪುಟದಲ್ಲಿ ಎರಡೆರಡು ಜೋಡಿ ಟ್ಯಾಗ್ ಸೇರಿಕೊಳ್ಳುತ್ತವೆ, ಯಾವ ಆ್ಯಪ್ ಯಾವುದನ್ನು ಎತ್ತಿಕೊಳ್ಳುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ.

ಕನ್ನಡದ ಶೀರ್ಷಿಕೆ ಕೆಡುವ ಮೂರು ಬಗೆ

ಇಂಗ್ಲಿಷ್ ಶೀರ್ಷಿಕೆಗಳಿಗೆ ಬಾರದ ಕೆಲವು ತೊಂದರೆಗಳು ಕನ್ನಡಕ್ಕೆ ಬರುತ್ತವೆ. ಕಾರ್ಡಿನಲ್ಲಿ ಏನು ಕಾಣುತ್ತಿದೆ ಎಂಬುದನ್ನು ನೋಡಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳಬಹುದು.

ಕಾರ್ಡಿನಲ್ಲಿ `PÀ£ÀßqÀ` ಎಂಬಂಥ ಸಾಲು ಬಂತೆಂದರೆ, ಅದು ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಪಠ್ಯ. ಇಲ್ಲಿ ಕೊಟ್ಟಿರುವುದು ‘ಕನ್ನಡ’ ಎಂಬ ಪದವೇ. ಡಿಟಿಪಿ ಮಾಡುವವರ ಕಂಪ್ಯೂಟರಿನಲ್ಲಿ, ಕರಪತ್ರದಲ್ಲಿ, ನುಡಿ ಫಾಂಟ್ ಹಾಕಿದ ಹಳೆಯ ಪುಟದಲ್ಲಿ ಇದು ಸರಿಯಾಗಿ ಕಾಣುತ್ತಿರುತ್ತದೆ. ಏಕೆಂದರೆ ಒಳಗಿರುವುದು ರೋಮನ್ ಸಂಕೇತಗಳು, ಅವುಗಳಿಗೆ ಕನ್ನಡದ ರೂಪ ತೊಡಿಸುವುದು ಫಾಂಟು. ವಾಟ್ಸಾಪ್ ಕಾರ್ಡಿಗೆ ನಿಮ್ಮ ಪುಟದ ಫಾಂಟ್ ಹೋಗುವುದಿಲ್ಲ, ಬರೀ ಸಂಕೇತ ಹೋಗುತ್ತದೆ. ತೋರಿಸುವುದು ಫೋನಿನ ಸ್ವಂತ ಫಾಂಟು. ಹಾಗಾಗಿ ಬಟ್ಟೆ ಕಳಚಿ ಒಳಗಿನದು ಹೊರಗೆ ಬರುತ್ತದೆ. ಶೀರ್ಷಿಕೆಯನ್ನು ಯೂನಿಕೋಡ್‌ಗೆ ಪರಿವರ್ತಿಸುವುದು, ಅಥವಾ ಫೋನಿನಲ್ಲೇ ಹೊಸದಾಗಿ ಬರೆಯುವುದು, ಇದಕ್ಕೆ ಇರುವ ಪರಿಹಾರ.

ಎರಡನೆಯ ಬಗೆಯಲ್ಲಿ `à²•` ಎಂಬಂಥ ಗುಂಪುಗಳು ಮತ್ತೆ ಮತ್ತೆ ಬರುತ್ತವೆ. ಇಲ್ಲಿ ಪಠ್ಯ ಯೂನಿಕೋಡಿನಲ್ಲೇ ಇದೆ, ಓದುವವರು ಅದನ್ನು ಬೇರೆ ಸಂಕೇತವೆಂದು ತಪ್ಪು ತಿಳಿದಿದ್ದಾರೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್ ತೆಗೆದುಕೊಳ್ಳುತ್ತದೆ. ‘ಕ’ ಎಂಬುದರ ಮೂರು ಬೈಟುಗಳನ್ನು ಬಿಡಿಬಿಡಿಯಾಗಿ ಪಶ್ಚಿಮದ ಲಿಪಿಯಂತೆ ಓದಿದರೆ ಸಿಗುವುದೇ ಆ ಮೂರು ಚಿಹ್ನೆ. ಬಹುಪಾಲು `charset` ಸಾಲು ಇರುವುದಿಲ್ಲ, ಅಥವಾ ಸರ್ವರ್ ಬೇರೆ ಸಂಕೇತದ ಹೆಸರು ಹೇಳುತ್ತಿರುತ್ತದೆ. ಒಮ್ಮೊಮ್ಮೆ ಡೇಟಾಬೇಸಿಗೆ ಸೇರಿಸುವಾಗಲೇ ಕೆಟ್ಟಿರುವುದೂ ಉಂಟು. ಆಗ ಪುಟದಲ್ಲೂ ಹಾಗೇ ಕಾಣುತ್ತದೆ.

ಮೂರನೆಯದು ಸಾಲಿನ ಕೊನೆಯಲ್ಲಿ ಮಾತ್ರ ಕಾಣುವ ದೋಷ. ಎಲ್ಲ ಸರಿಯಿದ್ದು ಕೊನೆಗೊಂದು `�` ಬರುತ್ತದೆ. ಯಾವುದೋ ಪ್ರೋಗ್ರಾಮು ವಿವರವನ್ನು ಇಷ್ಟೇ ಬೈಟಿಗೆ ಕತ್ತರಿಸು ಎಂದಿದೆ, ಕತ್ತರಿ ಒಂದು ಸಂಕೇತದ ಮೂರು ಬೈಟುಗಳ ನಡುವೆ ಬಿದ್ದಿದೆ. ಪಿಎಚ್‌ಪಿಯಲ್ಲಿ ಬರೆದ ಸೈಟಾದರೆ `substr` ಇರುವಲ್ಲಿ `mb_substr` ಹಾಕಿದರೆ ಈ ಚಿಹ್ನೆ ಹೋಗುತ್ತದೆ. ಆದರೆ ಅಷ್ಟಕ್ಕೇ ಕನ್ನಡ ನೆಟ್ಟಗಾಗುವುದಿಲ್ಲ. ‘ಲಕ್ಷ್ಮಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ, ಕಂಪ್ಯೂಟರಿಗೆ ಏಳು ಸಂಕೇತ, 21 ಬೈಟು. ಸಂಕೇತ ಎಣಿಸಿ ಕತ್ತರಿಸಿದರೂ ಒತ್ತಕ್ಷರದ ನಡುವೆ ತುಂಡಾಗಿ ‘ಲಕ್ಷ್’ ಎಂದು ನಿಲ್ಲಬಹುದು. ಅದಕ್ಕೇ ಯಂತ್ರದ ಕತ್ತರಿಗೆ ಬಿಡದೆ ಪ್ರತಿ ಪುಟಕ್ಕೂ ಚಿಕ್ಕದೊಂದು ವಿವರವನ್ನು ಕೈಯಿಂದಲೇ ಬರೆದಿಡುವುದು ಒಳ್ಳೆಯದು.

ಉದ್ದ ಎಷ್ಟಿರಬೇಕು? 60 ಅಕ್ಷರ, 80 ಅಕ್ಷರ ಎಂದು ಇಂಗ್ಲಿಷ್ ಸಲಹೆಗಳಲ್ಲಿ ಬರುವ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ ಎಂಬುದು ಈಗ ಗೊತ್ತಾಗಿರಬೇಕು. ಚಿಕ್ಕ ತೆರೆಯ ಫೋನಿನಲ್ಲಿ ನೋಡಿ ನಿರ್ಧರಿಸುವುದೇ ವಾಸಿ. ಶೀರ್ಷಿಕೆ ಐದಾರು ಪದಗಳಲ್ಲಿ ಮುಗಿಯಲಿ, ಗಿರಾಕಿ ಹುಡುಕುವ ವಸ್ತುವಿನ ಹೆಸರು ಮೊದಲಲ್ಲೇ ಬರಲಿ. ‘ಶ್ರೀ’ಯಿಂದ ಹಿಡಿದು ‘ಅಂಡ್ ಸನ್ಸ್’ವರೆಗಿನ ಅಂಗಡಿಯ ಪೂರ್ತಿ ಹೆಸರನ್ನು ಮುಂದಿಟ್ಟರೆ, ಸೀರೆ ಎಂಬ ಪದ ಬರುವಷ್ಟರಲ್ಲಿ ಜಾಗ ಮುಗಿದು ಮೂರು ಚುಕ್ಕಿ ಬಿದ್ದಿರುತ್ತದೆ. ದರವನ್ನು ಶೀರ್ಷಿಕೆಯಲ್ಲೂ ಚಿತ್ರದಲ್ಲೂ ಹಾಕದಿರುವುದು ಕ್ಷೇಮ. ಆಗಲೇ ಹೇಳಿದಂತೆ ಹೋದ ಕಾರ್ಡು ಹೋದದ್ದೇ. ಹಬ್ಬದ ರಿಯಾಯಿತಿಯ ಬೆಲೆ ವರ್ಷ ಕಳೆದ ಮೇಲೂ ಯಾರದೋ ಫೋನಿನಿಂದ ಯಾರಿಗೋ ಫಾರ್ವರ್ಡ್ ಆಗುತ್ತಿರುತ್ತದೆ, ಆ ಬೆಲೆಗೇ ಕೊಡಿ ಎಂದು ಕೇಳುವವರೂ ಬರುತ್ತಾರೆ.

ಲಿಂಕಿನ ವಿಳಾಸಕ್ಕೆ ಮಾತ್ರ ಕನ್ನಡ ಬೇಡ. ವಿಳಾಸದಲ್ಲಿ ‘ಸೀರೆ’ ಎಂದು ಬರೆದರೆ ಕಾಪಿ ಮಾಡುವಾಗ ಪ್ರತಿ ಸಂಕೇತವೂ `%E0%B2%95` ರೀತಿಯ ಒಂಬತ್ತು ಚಿಹ್ನೆಯಾಗಿ ಹಿಗ್ಗುತ್ತದೆ. ನಾಲ್ಕು ಪದದ ವಿಳಾಸ ಸಂದೇಶದಲ್ಲಿ ಐದಾರು ಸಾಲು ತುಂಬಿಕೊಂಡು ಕಾರ್ಡಿನ ಅಂದವನ್ನೇ ಕೆಡಿಸುತ್ತದೆ. ಶೀರ್ಷಿಕೆ ಕನ್ನಡದಲ್ಲಿ, ವಿಳಾಸ `tope-teni` ಎಂಬಂತೆ ರೋಮನ್‌ನಲ್ಲಿ ಇದ್ದರೆ ಎರಡೂ ಅಚ್ಚುಕಟ್ಟು.

ಚಿತ್ರ: ಅಗಲ ಒಂದು, ನಡುವಿನ ಚೌಕ ಇನ್ನೊಂದು

ಚಿತ್ರದ ಅಳತೆಗೆ ರೂಢಿಯಲ್ಲಿರುವುದು 1200 ಪಿಕ್ಸೆಲ್ ಅಗಲ, 630 ಪಿಕ್ಸೆಲ್ ಎತ್ತರ. ಇದು ಫೇಸ್‌ಬುಕ್ ಸೂಚಿಸುವ ಅಳತೆ, ಮೆಸೇಜಿಂಗ್ ಆ್ಯಪ್‌ಗಳಿಗೂ ಒಗ್ಗುತ್ತದೆ. ವಾಟ್ಸಾಪ್ ಕೇಳುವುದು ಇದಕ್ಕಿಂತ ಕಡಿಮೆ. ಅಗಲ 300 ಪಿಕ್ಸೆಲ್‌ಗಿಂತ ಕಡಿಮೆಯಿರಬಾರದು, ಅಗಲವು ಎತ್ತರದ ನಾಲ್ಕು ಪಟ್ಟು ಮೀರಬಾರದು, ಕಡತದ ತೂಕ 600 ಕೆಬಿಯೊಳಗಿರಬೇಕು. 300 ಕೆಬಿಯೊಳಗೆ ಇಟ್ಟುಕೊಂಡರೆ ನಿಧಾನದ ನೆಟ್‌ವರ್ಕಿನಲ್ಲೂ ಬೇಗ ಬರುತ್ತದೆ. ಜೆಪೆಗ್ ಅಥವಾ ಪಿಎನ್‌ಜಿ ಆಗಿರಲಿ. ಲೋಗೋ ಎಸ್‌ವಿಜಿ ಕಡತವಾಗಿದ್ದರೆ ಅದನ್ನು ಇಲ್ಲಿ ಕೊಡಬೇಡಿ, ಕಾರ್ಡಿನಲ್ಲಿ ಮೂಡುವುದಿಲ್ಲ.

ನಮ್ಮ ಸೀರೆಯ ಚಿತ್ರವನ್ನೇ ಸಿದ್ಧಮಾಡೋಣ. ಫೋನಿನಲ್ಲಿ ಅಡ್ಡವಾಗಿ ತೆಗೆದ 12 ಮೆಗಾಪಿಕ್ಸೆಲ್ ಫೋಟೋ ಸುಮಾರು 4000 ಅಗಲ, 3000 ಎತ್ತರ ಇರುತ್ತದೆ, ತೂಕ ಮೂರು ನಾಲ್ಕು ಎಂಬಿ. 1200ಕ್ಕೆ 630ರ ಪ್ರಮಾಣಕ್ಕೆ ತರಬೇಕೆಂದರೆ ಎತ್ತರವನ್ನು 2100ಕ್ಕೆ ಇಳಿಸಬೇಕು. ಅಂದರೆ ಮೇಲಿಂದಲೂ ಕೆಳಗಿಂದಲೂ ಸೇರಿ 900 ಪಿಕ್ಸೆಲ್ ಹೋಗುತ್ತದೆ. ಫೋಟೋ ತೆಗೆಯುವಾಗಲೇ ಮೇಲೆ ಕೆಳಗೆ ಅಷ್ಟು ಜಾಗ ಬಿಟ್ಟಿರಬೇಕು. ಕತ್ತರಿಸಿದ ಮೇಲೆ 1200 ಅಗಲಕ್ಕೆ ಕುಗ್ಗಿಸಿ, ಜೆಪೆಗ್ ಗುಣಮಟ್ಟ 80ರ ಆಸುಪಾಸಿನಲ್ಲಿ ಉಳಿಸಿದರೆ ಇಂಥ ಫೋಟೋ ಸಾಮಾನ್ಯವಾಗಿ 300 ಕೆಬಿಯೊಳಗೆ ಬಂದುಬಿಡುತ್ತದೆ. ನೇಯ್ಗೆಯ ಎಳೆಗಳು ತುಂಬ ಸೂಕ್ಷ್ಮವಾಗಿ ಕಾಣುವ ಚಿತ್ರ ಸ್ವಲ್ಪ ಹೆಚ್ಚು ತೂಗುತ್ತದೆ, ಆಗ ಗುಣಮಟ್ಟವನ್ನು 70ಕ್ಕೆ ಇಳಿಸಿದರೂ ಫೋನಿನ ತೆರೆಯಲ್ಲಿ ವ್ಯತ್ಯಾಸ ಗೊತ್ತಾಗದು.

ಇನ್ನು ಚಿತ್ರದಲ್ಲಿ ಏನಿರಬೇಕು ಎಂಬುದು. ಒಂದೇ ಚಿತ್ರ ಎರಡು ಆಕಾರದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಮರೆಯಬಾರದು. ಕೆಲವೆಡೆ ಸಂದೇಶದ ಪೂರ್ತಿ ಅಗಲಕ್ಕೆ ಹರಡಿಕೊಂಡು ದೊಡ್ಡದಾಗಿ ಬರುತ್ತದೆ. ಕೆಲವೆಡೆ ಎಡ ಅಥವಾ ಬಲ ಬದಿಯ ಚಿಕ್ಕ ಚೌಕದಲ್ಲಿ ಬರುತ್ತದೆ, ಆಗ ಎರಡೂ ಪಕ್ಕ ಕತ್ತರಿಸಿ ನಡುವಿನ ಭಾಗವಷ್ಟೇ ಉಳಿಯುತ್ತದೆ. 1200 ಅಗಲದಲ್ಲಿ ನಡುವಿನ 630 ಮಾತ್ರ ಉಳಿಯಿತೆಂದರೆ ಎಡಕ್ಕೆ 285, ಬಲಕ್ಕೆ 285 ಹೋಯಿತು. ಆದ್ದರಿಂದ ಮುಖ್ಯವಾದದ್ದೆಲ್ಲ ನಡುವಿನ ಚೌಕದಲ್ಲಿರಬೇಕು, ಪಕ್ಕದ್ದು ಹೋದರೂ ನಡೆಯುವಂಥದ್ದಾಗಿರಬೇಕು.

ಇಳಕಲ್ ಸೀರೆಯ ಮಟ್ಟಿಗೆ ಆ ಚೌಕದಲ್ಲಿ ಇಡಬೇಕಾದದ್ದು ಯಾವುದು ಎಂದು ನೇಕಾರರನ್ನು ಕೇಳಿದರೆ ತಡವರಿಸದೆ ಹೇಳುತ್ತಾರೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸಿದ ಜಾಗ, ಅಲ್ಲಿಂದ ಮುಂದೆ ಕೆಂಪು ಸೆರಗಿನ ಮೇಲೆ ಬಿಳಿಯ ಟೋಪ್ ತೆನಿಯ ಸಾಲು. ನೋಡಿದ ಕೂಡಲೇ ಇದು ಇಳಕಲ್ ಎಂದು ಗುರುತು ಹಿಡಿಸುವುದು ಅದೇ. ಒಡಲಿನ ಬಣ್ಣ, ದಡಿಯ ಉದ್ದ ಪಕ್ಕಕ್ಕೆ ಹರಡಿಕೊಂಡಿರಲಿ. ಎಂಟು ಸೀರೆಗಳನ್ನು ಚಿಕ್ಕಚಿಕ್ಕದಾಗಿ ಜೋಡಿಸಿ, ನಡುವೆ ಲೋಗೋ, ಕೆಳಗೆ ಫೋನ್ ನಂಬರು, ಮೂಲೆಗೆ ಹಬ್ಬದ ಶುಭಾಶಯ ಇಟ್ಟ ಬ್ಯಾನರ್ ಮಾದರಿಯ ಚಿತ್ರ ಅಂಗಡಿಯ ಬಾಗಿಲಿಗೆ ಸರಿ. ಹೆಬ್ಬೆರಳಿನಗಲದ ಚೌಕದಲ್ಲಿ ಅದು ಬಣ್ಣದ ಗೊಜ್ಜಾಗುತ್ತದೆ. ಶೀರ್ಷಿಕೆ ಕೆಳಗೆ ಹೇಗೂ ಇರುವುದರಿಂದ ಚಿತ್ರದ ಮೇಲೆ ಬರಹ ಇರದಿದ್ದರೂ ನಷ್ಟವಿಲ್ಲ.

ನೂರಾರು ಸೀರೆಗಳ ಸೈಟಾದರೆ ಪ್ರತಿ ಪುಟದ ಚಿತ್ರವನ್ನು ಪ್ರೋಗ್ರಾಮಿನಿಂದಲೇ ತಯಾರಿಸುವುದುಂಟು. ಸೀರೆಯ ಫೋಟೋ ಮೇಲೆ ಹೆಸರನ್ನು ಸರ್ವರೇ ಬರೆಯುತ್ತದೆ. ಇಂಗ್ಲಿಷಿಗೆ ಇದು ಸಲೀಸು, ಕನ್ನಡಕ್ಕೆ ಇಲ್ಲೊಂದು ಗುಂಡಿ ಇದೆ. ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುವುದಷ್ಟೇ ಗೊತ್ತಿರುವ ಸಾಧನ ಒತ್ತಕ್ಷರಗಳನ್ನು ಕೆಳಗೆ ಕೂರಿಸುವುದಿಲ್ಲ. ‘ಮಗ್ಗ’ ಎಂದು ಬರೆಸಿದರೆ ಎರಡನೆಯ ‘ಗ’ ಒತ್ತಾಗದೆ, ನಡುವೆ ಹಲಂತದ ಚಿಹ್ನೆ ಕಾಣುವಂತೆ ಬಿಡಿಯಾಗಿ ನಿಲ್ಲುತ್ತದೆ. ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶವನ್ನು ಬಳಸುವ ದಾರಿ ಹಿಡಿಯಬೇಕು. ಕ್ರೋಮ್ ಬ್ರೌಸರನ್ನೇ ಸರ್ವರಿನಲ್ಲಿ ತೆರೆಯಿಲ್ಲದೆ ಓಡಿಸಿ, ಪುಟದ ಸ್ಕ್ರೀನ್‌ಶಾಟ್ ತೆಗೆಸುವುದು ಅದಕ್ಕೆ ಸುಲಭದ ಉಪಾಯ. ಆ ಸರ್ವರಿನಲ್ಲಿ ಕನ್ನಡದ ಫಾಂಟ್ ಒಂದಿರಬೇಕು, ಇಲ್ಲದಿದ್ದರೆ ಬರೀ ಚೌಕಗಳು ಬರುತ್ತವೆ.

ಚಿತ್ರ ಬರುತ್ತಿಲ್ಲ, ಎಲ್ಲಿ ಹುಡುಕುವುದು?

ಈಗ ಅದೇ ಅಂಗಡಿಯ ಲಿಂಕನ್ನು ಪೇಸ್ಟ್ ಮಾಡಿದಾಗ ಶೀರ್ಷಿಕೆ ಸರಿಯಾಗಿ ಬಂತು, ಚಿತ್ರ ಬರಲಿಲ್ಲ ಎಂದುಕೊಳ್ಳೋಣ. ಸೆಟ್ಟಿಂಗ್‌ಗಳನ್ನು ಕಂಡಂತೆ ಬದಲಿಸುತ್ತ ಕೂರುವ ಬದಲು, ಫೋನು ನಡೆದ ದಾರಿಯಲ್ಲೇ ಹೆಜ್ಜೆ ಹಾಕಿದರೆ ದೋಷ ಸಿಗುತ್ತದೆ.

ಮೊದಲು ಫೋನಿನ ಕಣ್ಣಿಗೆ ಪುಟ ಹೇಗೆ ಕಾಣುತ್ತದೆ ಎಂದು ನೋಡಬೇಕು. ಸೈಟ್ ನೋಡಿಕೊಳ್ಳುವವರು ಕಂಪ್ಯೂಟರಿನಲ್ಲಿ ಈ ಎರಡು ಆದೇಶ ಕೊಟ್ಟರೆ ಸಾಕು:

```
curl -sL -A "WhatsApp/2" https://example.com/sarees/tope-teni | grep "og:"
curl -IL -A "WhatsApp/2" https://example.com/img/tope-teni-1.jpg
```

ಮೊದಲನೆಯದು ತಾನು ವಾಟ್ಸಾಪ್ ಎಂದು ಹೇಳಿಕೊಂಡು ಪುಟವನ್ನು ತರಿಸಿ, ಅದರಲ್ಲಿರುವ ಓಪನ್ ಗ್ರಾಫ್ ಸಾಲುಗಳನ್ನು ತೋರಿಸುತ್ತದೆ. ನಮ್ಮ ಉದಾಹರಣೆಯಲ್ಲಿ ಸಾಲುಗಳೇನೋ ಬಂದವು, ಆದರೆ `og:image` ಎದುರಿಗೆ `/img/tope-teni-1.jpg` ಎಂದಷ್ಟೇ ಇತ್ತು. ಬ್ರೌಸರಿಗೆ ಇಂಥ ಅರ್ಧ ವಿಳಾಸ ಅರ್ಥವಾಗುತ್ತದೆ, ಹೀಗಾಗಿ ಪುಟ ತೆರೆದಾಗ ಯಾವ ಕೊರತೆಯೂ ಕಾಣುವುದಿಲ್ಲ. ಕಾರ್ಡ್ ಕಟ್ಟುವಾಗ ಇದನ್ನು ನೆಚ್ಚಿಕೊಳ್ಳುವಂತಿಲ್ಲ. `https://` ಇಂದ ಶುರುವಾಗುವ ಪೂರ್ಣ ವಿಳಾಸ ಬರೆದದ್ದಾಯಿತು.

ಆದರೂ ಚಿತ್ರವಿಲ್ಲ. ಎರಡನೆಯ ಆದೇಶ ಚಿತ್ರದ ಬಗ್ಗೆ ಸರ್ವರ್ ಕೊಡುವ ಉತ್ತರವನ್ನು ತೋರಿಸುತ್ತದೆ. ಅಲ್ಲಿ ಮೂರು ಸಂಗತಿ ನೋಡಬೇಕು. ಮೊದಲ ಸಾಲಿನಲ್ಲಿ `200` ಇರಬೇಕು. `content-type` ಎದುರು `image/jpeg` ಇರಬೇಕು. `content-length` ಎದುರಿನ ಸಂಖ್ಯೆ ಕಡತದ ಬೈಟ್ ಲೆಕ್ಕ. ನಮ್ಮ ಅಂಗಡಿಯಲ್ಲಿ ಅದು 40 ಲಕ್ಷ ದಾಟಿತ್ತು. ಅಂದರೆ ಫೋನಿನಿಂದ ತೆಗೆದ ನಾಲ್ಕು ಎಂಬಿಯ ಫೋಟೋವನ್ನೇ ಹಾಗೇ ಏರಿಸಿಬಿಟ್ಟಿದ್ದಾರೆ. ಮೇಲೆ ಹೇಳಿದಂತೆ ಕತ್ತರಿಸಿ ಕುಗ್ಗಿಸಿ ಮತ್ತೆ ಏರಿಸಬೇಕಾಯಿತು. `200`ರ ಬದಲು `403` ಬಂದಿದ್ದರೆ ಕಥೆ ಬೇರೆ. ಬಾಟ್‌ಗಳನ್ನು ತಡೆಯುವ ಕಾವಲು, ಅಥವಾ ಬೇರೆ ಸೈಟಿನವರು ಚಿತ್ರ ಬಳಸದಂತೆ ಹಾಕಿದ ತಡೆ, ವಾಟ್ಸಾಪನ್ನೂ ಬಾಗಿಲಲ್ಲೇ ನಿಲ್ಲಿಸಿದೆ ಎಂದರ್ಥ. ಹೋಸ್ಟಿಂಗ್ ಕೊಟ್ಟವರಿಗೆ ಹೇಳಿ ಅದಕ್ಕೊಂದು ವಿನಾಯಿತಿ ಕೊಡಿಸಬೇಕು.

ಇಷ್ಟಾದ ಮೇಲೂ ಅಂಗಡಿಯವರ ಫೋನಿನಲ್ಲಿ ಹಳೆಯ ಬೋಳು ಕಾರ್ಡೇ ಬರುತ್ತದೆ, ಪಕ್ಕದವರ ಫೋನಿನಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ. ಇಲ್ಲಿ ದೋಷ ಸೈಟಿನದಲ್ಲ. ಅವರ ಫೋನು ಮೊದಲ ಸಲ ಕಟ್ಟಿದ್ದನ್ನು ಸ್ವಲ್ಪ ಕಾಲ ನೆನಪಿಟ್ಟುಕೊಂಡು ಅದನ್ನೇ ಕೊಡುತ್ತಿದೆ. ಲಿಂಕಿನ ಕೊನೆಗೆ `?v=2` ಎಂದು ಸೇರಿಸಿ ಪೇಸ್ಟ್ ಮಾಡಿದರೆ ಫೋನಿಗೆ ಅದು ಹೊಸ ಲಿಂಕು, ಮತ್ತೆ ಹೋಗಿ ನೋಡಿ ಬರುತ್ತದೆ. ಚಿತ್ರ ಬದಲಿಸುವಾಗಲೂ ಹಳೆಯ ಹೆಸರಿನ ಮೇಲೆಯೇ ಹೊಸ ಕಡತ ಹಾಕದೆ, `tope-teni-2.jpg` ಎಂದು ಹೆಸರು ಬದಲಿಸಿ ಟ್ಯಾಗಿನಲ್ಲೂ ತಿದ್ದುವುದು ಇದೇ ಕಾರಣಕ್ಕೆ. ಫೇಸ್‌ಬುಕ್ಕಿಗೆ Sharing Debugger, ಲಿಂಕ್ಡ್‌ಇನ್‌ಗೆ Post Inspector, ಟೆಲಿಗ್ರಾಮ್‌ಗೆ `@WebpageBot` ಎಂಬ ಸಾಧನಗಳಿವೆ. ಅವು ಆಯಾ ಕಂಪನಿಯ ಸರ್ವರಿನಲ್ಲಿರುವ ಹಳೆಯ ಕಾರ್ಡನ್ನು ಅಳಿಸಿ ಹೊಸದು ಕಟ್ಟಿಸುತ್ತವೆ. ಅದರಿಂದ ನಿಮ್ಮ ಫೋನಿನಲ್ಲಿರುವ ವಾಟ್ಸಾಪ್ ನೆನಪೇನೂ ಅಳಿಯುವುದಿಲ್ಲ.

ಇನ್ನೆರಡು ದೋಷಗಳ ಲಕ್ಷಣ ಬೇರೆ. ಯಾವ ಸೀರೆಯ ಲಿಂಕ್ ಹಾಕಿದರೂ ಫೇಸ್‌ಬುಕ್ಕಿನಲ್ಲಿ ಮುಖಪುಟದ ಕಾರ್ಡೇ ಬಂದರೆ, ಟೆಂಪ್ಲೇಟಿನಲ್ಲಿ ಎಲ್ಲ ಪುಟಗಳ `og:url` ಕೂಡ ಮುಖಪುಟದ ವಿಳಾಸವೇ ಆಗಿದೆ ಎಂದು ತಿಳಿಯಬಹುದು. ಫೇಸ್‌ಬುಕ್ ಆ ವಿಳಾಸವನ್ನು ನಂಬಿ ಅಲ್ಲಿಗೇ ಹೋಗಿ ಬರುತ್ತದೆ. ಬ್ರೌಸರಿನಲ್ಲಿ ಟ್ಯಾಗ್‌ಗಳು ಕಾಣುತ್ತವೆ, ಆದರೆ ಮೊದಲ ಆದೇಶಕ್ಕೆ ಒಂದೂ ಸಿಗುವುದಿಲ್ಲ ಎಂದರೆ, ಅವನ್ನು ಪುಟ ತೆರೆದ ಮೇಲೆ ಜಾವಾಸ್ಕ್ರಿಪ್ಟ್ ಸೇರಿಸುತ್ತಿದೆ ಎಂದರ್ಥ. ಕಾರ್ಡ್ ಕಟ್ಟುವವರು ಪುಟವನ್ನು ಓದುತ್ತಾರೆ ಅಷ್ಟೆ, ಅದರೊಳಗಿನ ಪ್ರೋಗ್ರಾಮನ್ನು ಓಡಿಸುವುದಿಲ್ಲ. ರಿಯಾಕ್ಟ್‌ನಂಥ ಸಾಧನದಲ್ಲಿ ಕಟ್ಟಿದ ಹಲವು ಸೈಟುಗಳಿಗೆ ಈ ತೊಂದರೆ ಇದೆ. ಟ್ಯಾಗ್‌ಗಳನ್ನು ಸರ್ವರಿನಿಂದ ಬರುವ ಮೂಲ ಪುಟದಲ್ಲೇ ಬರುವಂತೆ ಮಾಡಿಸಬೇಕು, ಬೇರೆ ದಾರಿಯಿಲ್ಲ.

ಆದೇಶ ಕೊಡಲು ಬಾರದ ಅಂಗಡಿಯವರಿಗೂ ಒಂದು ಪರೀಕ್ಷೆ ಇದೆ. ವಾಟ್ಸಾಪ್‌ನಲ್ಲಿ ತಮಗೆ ತಾವೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯ ಇದೆಯಲ್ಲ, ಅಲ್ಲಿ ಲಿಂಕನ್ನು ಪೇಸ್ಟ್ ಮಾಡಿ, ಕಾರ್ಡ್ ಮೂಡುವವರೆಗೆ ಕಾದು, ಕಳಿಸಿ ನೋಡಬೇಕು. ಆ್ಯಂಡ್ರಾಯ್ಡ್ ಒಂದರಲ್ಲಿ, ಐಫೋನ್ ಒಂದರಲ್ಲಿ ನೋಡಿದರೆ ಇನ್ನೂ ಒಳ್ಳೆಯದು. ಸರಿಯಾಗಿದ್ದರೆ ಆ ಸಂದೇಶವನ್ನೇ ಬ್ರಾಡ್‌ಕಾಸ್ಟ್ ಪಟ್ಟಿಗೆ ಫಾರ್ವರ್ಡ್ ಮಾಡಬಹುದು. ಆಗ ಪ್ರತಿ ಸಲ ಹೊಸದಾಗಿ ಕಾರ್ಡ್ ಕಟ್ಟುವ ಗೋಜೂ ಇಲ್ಲ, ಅವಸರದಲ್ಲಿ ಬೋಳು ಲಿಂಕ್ ಹೋಗುವ ಭಯವೂ ಇಲ್ಲ.

ಕಾರ್ಡನ್ನು ಎಷ್ಟು ನಂಬಬೇಕು?

ಇಷ್ಟೆಲ್ಲ ಓದಿದ ಮೇಲೆ ಗಿರಾಕಿಯ ಕಡೆಯಿಂದ ಒಂದು ಪ್ರಶ್ನೆ ಏಳಬೇಕು. ಶೀರ್ಷಿಕೆಯನ್ನೂ ಚಿತ್ರವನ್ನೂ ಪುಟದ ಒಡೆಯರೇ ಬರೆದುಕೊಳ್ಳುವುದಾದರೆ, ಅಲ್ಲಿ ಬೇರೆಯವರ ಹೆಸರನ್ನೂ ಬರೆಯಬಹುದಲ್ಲ? ಖಂಡಿತ ಬರೆಯಬಹುದು. `og:title` ಎದುರು ಬ್ಯಾಂಕಿನ ಹೆಸರು, `og:image` ಎದುರು ಅದರ ಲಾಂಛನ ಹಾಕಿದರೆ ಫೋನು ತಕರಾರಿಲ್ಲದೆ ಹಾಗೇ ಕಾರ್ಡ್ ಕಟ್ಟಿಕೊಡುತ್ತದೆ. ಅದು ನಿಜವೋ ಸುಳ್ಳೋ ಎಂದು ಯಾರೂ ಪರಿಶೀಲಿಸುವುದಿಲ್ಲ. ಕೆವೈಸಿ, ಬಹುಮಾನ, ಕೊರಿಯರ್ ಎಂದು ಬರುವ ಮೋಸದ ಸಂದೇಶಗಳು ನೋಡಲು ಅಚ್ಚುಕಟ್ಟಾಗಿರುವುದರ ಗುಟ್ಟು ಇದೇ.

ಪುಟದ ಒಡೆಯರು ಟ್ಯಾಗ್ ಬರೆದು ಬದಲಿಸಲಾಗದ್ದು ಲಿಂಕಿನ ವಿಳಾಸ ಒಂದನ್ನೇ. ಹೆಸರು ಯಾವುದಿದ್ದರೂ ಒತ್ತಿದಾಗ ಫೋನು ಹೋಗುವುದು ಆ ವಿಳಾಸಕ್ಕೆ. ಕೊಳ್ಳುವವರು ಕಾರ್ಡಿನ ಚಂದ ನೋಡಿದ ಮೇಲೆ ಕಣ್ಣನ್ನು ಅಲ್ಲಿಗೆ ಇಳಿಸಬೇಕು. ಮಾರುವವರಿಗೂ ಇದರಿಂದ ಒಂದು ಕೆಲಸ ಬೀಳುತ್ತದೆ. ಲಿಂಕ್ ಚಿಕ್ಕದಾಗಲಿ ಎಂದು ಶಾರ್ಟ್ ಲಿಂಕ್ ಸೇವೆಗಳನ್ನು ಬಳಸಿದರೆ, ಗಿರಾಕಿ ಪರೀಕ್ಷಿಸಬಹುದಾಗಿದ್ದ ಆ ಒಂದು ಗುರುತೂ ಮರೆಯಾಗಿ, ಅಂಗಡಿಯ ಲಿಂಕೂ ಮೋಸಗಾರರ ಲಿಂಕೂ ಒಂದೇ ಥರ ಕಾಣುತ್ತವೆ. ಸ್ವಂತ ಡೊಮೇನ್ ಹೆಸರು ಕೊಂಡು, ಬೋರ್ಡಿನ ಮೇಲೂ ಬಿಲ್ಲಿನ ಮೇಲೂ ಕೈಚೀಲದ ಮೇಲೂ ಅದನ್ನೇ ಅಚ್ಚು ಹಾಕಿಸಿ, ಲಿಂಕಿನಲ್ಲೂ ಅದನ್ನೇ ಪೂರ್ತಿಯಾಗಿ ಕಳಿಸುವ ಅಂಗಡಿಯ ಹೆಸರಿನಲ್ಲಿ ಯಾರಾದರೂ ನಕಲಿ ಕಾರ್ಡ್ ಹರಿಬಿಟ್ಟರೂ, ಹಳೆಯ ಗಿರಾಕಿ ವಿಳಾಸ ಓದಿಯೇ ಅದನ್ನು ಪತ್ತೆ ಹಚ್ಚುತ್ತಾರೆ.